ನೋಟ್ಸ್ ಬರೆಸುವುದು, ನೋಟ್ಸ್ ಬರೆಯುವುದು

ಹತ್ತನೇ ತರಗತಿಯವರೆಗೆ ನಮ್ಮ ಮಕ್ಕಳಿಗೆ ನೋಟ್ಸ್ ಎಂದರೆ ಮೇಷ್ಟ್ರು ಬರೆಸುವುದು. ಬೋರ್ಡಿನ ಮೇಲೆ ಪ್ರಶ್ನೆ, ಕೆಳಗೆ ಉತ್ತರ. ಅದನ್ನು ಹಾಗೇ ಇಳಿಸಿಕೊಂಡರೆ ಆಯಿತು. ಬೋರ್ಡು ಬೇಡವಾದಾಗ ಡಿಕ್ಟೇಷನ್. ಒಂದೊಂದು ವಾಕ್ಯವನ್ನೂ ಎರಡೆರಡು ಸಲ ಹೇಳಿ, ಕಾಮಾ ಎಲ್ಲಿ ಎಂಬುದನ್ನೂ ಹೇಳಿ ಬರೆಸುವವರಿದ್ದಾರೆ. ಅಂಥ ವಿದ್ಯಾರ್ಥಿ ಪಿಯು ಕಾಲೇಜಿಗೆ ಬಂದು ಕೂರುತ್ತಾನೆ. ಲೆಕ್ಚರರ್ ಒಳಗೆ ಬಂದು ಮುಕ್ಕಾಲು ಗಂಟೆ ಮಾತಾಡಿ ಹೋಗುತ್ತಾರೆ. ಬರೆಸಲಿಲ್ಲ ಎಂದ ಮೇಲೆ ಬರೆದುಕೊಳ್ಳಬೇಕಾದದ್ದು ಏನೂ ಇಲ್ಲ ಎಂದು ಹುಡುಗ ಪೆನ್ನಿನ ಮುಚ್ಚಳ ಹಾಕುತ್ತಾನೆ. ಇಲ್ಲವೇ ಕೇಳಿದ್ದನ್ನೆಲ್ಲ ಬರೆಯಲು ಹೊರಟು ಐದನೇ ನಿಮಿಷಕ್ಕೇ ಕೈ ಸೋಲುತ್ತಾನೆ.

ಕೈ ಸೋಲುವುದು ಅವನ ತಪ್ಪಲ್ಲ, ಅದು ಲೆಕ್ಕ. ತರಗತಿಯಲ್ಲಿ ಇಂಗ್ಲಿಷ್‌ನಲ್ಲಿ ಪಾಠ ಮಾಡುವವರು ನಿಮಿಷಕ್ಕೆ ನೂರಕ್ಕೂ ಹೆಚ್ಚು ಪದ ಆಡುತ್ತಾರೆ. ಕೈ ಎಷ್ಟೇ ಓಡಿದರೂ ಇಪ್ಪತ್ತು, ಇಪ್ಪತ್ತೈದು ಪದ. ಕನ್ನಡದ ಪದಗಳು ಉದ್ದವಾದ್ದರಿಂದ ಎರಡು ಕಡೆಯ ಅಂಕಿಯೂ ಕಡಿಮೆಯಾಗುತ್ತದೆ, ಅಂತರ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಇದನ್ನು ಹೇಳಿ ನಂಬಿಸುವುದಕ್ಕಿಂತ ಮಾಡಿ ತೋರಿಸುವುದು ಸುಲಭ. ಪಠ್ಯದ ಒಂದು ಪುಟವನ್ನು ಸಹಜ ವೇಗದಲ್ಲಿ ಒಂದು ನಿಮಿಷ ಓದಿ, ಮಕ್ಕಳಿಗೆ ಪದ ಬಿಡದೆ ಬರೆಯಿರಿ ಎನ್ನಬೇಕು. ನಿಮಿಷ ಮುಗಿದ ಮೇಲೆ ಓದಿದ ಪದಗಳನ್ನೂ ಬರೆದ ಪದಗಳನ್ನೂ ಎಣಿಸಿಸಬೇಕು. ಎಲ್ಲವನ್ನೂ ಬರೆಯಬಹುದೆಂಬ ಭ್ರಮೆ ಆ ಒಂದು ಎಣಿಕೆಯಲ್ಲಿ ಹೋಗುತ್ತದೆ.

ಎಲ್ಲವನ್ನೂ ಬರೆಯಲು ಹೊರಟವನ ಪುಸ್ತಕವನ್ನು ನೋಡಿದ ಕೂಡಲೇ ಗುರುತಿಸಬಹುದು. ಮೊದಲ ಎರಡು ಮೂರು ವಾಕ್ಯ ದುಂಡಾಗಿ, ಪೂರ್ತಿಯಾಗಿ ಇರುತ್ತವೆ. ಆಮೇಲಿನ ವಾಕ್ಯ ನಡುವೆಯೇ ತುಂಡಾಗಿರುತ್ತದೆ. ನಂತರ ಒಂದಿಷ್ಟು ಖಾಲಿ ಜಾಗ, ‘ಪಕ್ಕದವನ ಹತ್ತಿರ ಕೇಳಬೇಕು’ ಎಂಬ ಆಸೆಯಿಂದ ಬಿಟ್ಟದ್ದು. ಮತ್ತೆ ಎಲ್ಲಿಂದಲೋ ಶುರುವಾದ ಇನ್ನೊಂದು ದುಂಡನೆಯ ವಾಕ್ಯ. ಆ ಖಾಲಿ ಜಾಗದ ಹೊತ್ತಿನಲ್ಲಿ ಅವನು ಸುಮ್ಮನೆ ಕೂತಿರಲಿಲ್ಲ. ಹಿಂದಿನ ವಾಕ್ಯ ಮುಗಿಸುತ್ತಿದ್ದ. ಕೈ ಹಿಂದಿನ ಮಾತಿನಲ್ಲಿ ಸಿಕ್ಕಿಕೊಂಡಿದ್ದಾಗ ಕಿವಿಗೆ ಬಿದ್ದ ಮಾತು ಮನಸ್ಸಿನಲ್ಲಿ ನಿಲ್ಲದೆ ಹೋಗಿದೆ.

ಕೇಳಿ ಬರೆಯುವ ಈ ಕೌಶಲವನ್ನು ನಮ್ಮಲ್ಲಿ ಬಿಡಿಯಾಗಿ ಯಾರೂ ಕಲಿಸುವುದಿಲ್ಲ. ದ್ವಿತೀಯ ಪಿಯು ಇಂಗ್ಲಿಷ್ ಪರೀಕ್ಷೆಯಲ್ಲಿ ಗದ್ಯಭಾಗ ಕೊಟ್ಟು ಚೌಕಗಳನ್ನು ತುಂಬಿಸುವ ಪ್ರಶ್ನೆ ಇದೆ. ಸಿಬಿಎಸ್‌ಇ ಹನ್ನೊಂದನೇ ತರಗತಿಯಲ್ಲೂ ಗದ್ಯ ಓದಿ ಟಿಪ್ಪಣಿ ಮಾಡುವ ಅಭ್ಯಾಸವಿದೆ. ಆದರೆ ಅದು ಓದಿ ಮಾಡುವ ಟಿಪ್ಪಣಿ. ಅಲ್ಲಿ ಅರ್ಥವಾಗದ ಸಾಲಿಗೆ ಕಣ್ಣು ಮರಳಿ ಹೋಗಬಹುದು. ಆಡಿದ ಮಾತಿಗೆ ಆ ಸೌಕರ್ಯವಿಲ್ಲ. ಪಿಯುನಿಂದ ಮುಂದೆ ಪದವಿಯವರೆಗೆ ಹುಡುಗರು ಪ್ರತಿದಿನ ಮಾಡಬೇಕಾದದ್ದು ಮಾತ್ರ ಈ ಎರಡನೆಯದನ್ನೇ.

ಮೊದಲು ಪುಟ ಸಿದ್ಧವಾಗಬೇಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ಎಂಬ ಪ್ರಾಧ್ಯಾಪಕರು ರೂಪಿಸಿದ, ಕಾರ್ನೆಲ್ ಪದ್ಧತಿ ಎಂದೇ ಹೆಸರಾದ ಒಂದು ಮಾದರಿಯಿದೆ. ಪುಟವನ್ನು ಮೂರು ಭಾಗ ಮಾಡುತ್ತಾರೆ. ನಮ್ಮ ಎ-4 ಹಾಳೆಯ ಅಗಲ 21 ಸೆಂ.ಮೀ.; ಎಡಗಡೆ 6 ಸೆಂ.ಮೀ. ಬಿಟ್ಟು ಮೇಲಿಂದ ಕೆಳಕ್ಕೆ ಒಂದು ಗೆರೆ, ಅಡಿಯಲ್ಲಿ 5 ಸೆಂ.ಮೀ. ಬಿಟ್ಟು ಅಡ್ಡಕ್ಕೆ ಒಂದು ಗೆರೆ. ತಲೆಯಲ್ಲಿ ದಿನಾಂಕ, ವಿಷಯ, ಪಾಠದ ಹೆಸರು. ತರಗತಿ ನಡೆಯುವಾಗ ಬಲಗಡೆಯ ಅಗಲ ಭಾಗದಲ್ಲಿ ಮಾತ್ರ ಬರೆಯಬೇಕು. ಎಡಭಾಗವೂ ಅಡಿಭಾಗವೂ ಆಗ ಖಾಲಿಯೇ ಇರಬೇಕು. ಈ ಖಾಲಿತನ ಮಕ್ಕಳಿಗೆ ತಡೆಯುವುದಿಲ್ಲ. ಎಡಗಡೆಯನ್ನು ಮಾರ್ಜಿನ್ ಎಂದುಕೊಂಡು ಅಲ್ಲಿ ನಂಬರ್ ಹಾಕುತ್ತಾರೆ, ಹೂವು ಬಿಡಿಸುತ್ತಾರೆ. ಅದರ ಕೆಲಸ ಆಮೇಲಿನದು ಎಂದು ಮೊದಲೇ ಹೇಳಿರಬೇಕು.

ಬಲಗಡೆ ಬರೆಯುವ ಕ್ರಮಕ್ಕೂ ಒಂದು ಆಕಾರ ಬೇಕು. ದೊಡ್ಡ ಅಂಶ ಗೆರೆಗೆ ಒತ್ತಿ, ಅದರ ಅಡಿಯ ಅಂಶ ಒಂದು ಬೆರಳು ಒಳಗೆ, ಅದರ ವಿವರ ಇನ್ನೊಂದು ಬೆರಳು ಒಳಗೆ. ಯಾವುದು ಯಾವುದರ ಕೆಳಗೆ ಬರುತ್ತದೆ ಎಂಬುದನ್ನು ಬೆರಳಿನ ಜಾಗವೇ ಹೇಳಬೇಕು. ವಾಕ್ಯ ಬೇಡ, ವಿಭಕ್ತಿ ಬೇಡ. ‘ಕೆರೆಯ ಏರಿಯ ಬುಡದಲ್ಲಿರುವ ಕಿಂಡಿಯ ಮೂಲಕ’ ಎಂದು ಕೇಳಿದರೆ ‘ಏರಿ ಬುಡ – ಕಿಂಡಿ’ ಎಂದರೆ ಸಾಕು. ಆದ್ದರಿಂದ ಎಂಬುದಕ್ಕೆ ಬಾಣದ ಗುರುತು, ಹೆಚ್ಚು-ಕಡಿಮೆಗೆ ಮೇಲಿನ ಬಾಣ, ಕೆಳಗಿನ ಬಾಣ, ಅಲ್ಲ ಎಂಬುದಕ್ಕೆ ಗುಣಾಕಾರದ ಗುರುತು. ಕಾರಣಕ್ಕೆ ‘ಕಾ.’, ಉದಾಹರಣೆಗೆ ‘ಉ.’. ಒಂದು ಹತ್ತು ಗುರುತುಗಳಾದರೆ ಧಾರಾಳವಾಯಿತು. ಇಪ್ಪತ್ತು ಮೂವತ್ತು ಮಾಡಿಕೊಂಡವರಿಗೆ ಎರಡು ವಾರದ ಮೇಲೆ ತಮ್ಮ ಬರಹವೇ ತಮಗೆ ಓದಲಾಗದು.

ಇಲ್ಲಿ ಕನ್ನಡದ್ದೇ ಆದ ಒಂದು ತೊಡಕಿದೆ. ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದವೂ ‘ಅಲ್ಲ’ ಎಂಬ ನಿಷೇಧವೂ ಕರ್ತೃವಿನ ಬೆನ್ನಿಗೇ ಬಂದುಬಿಡುತ್ತವೆ. ಅದರಿಂದ ಅರ್ಧ ವಾಕ್ಯಕ್ಕೇ ಪೆನ್ನು ಊರಿದರೂ ಮಾತಿನ ದಿಕ್ಕು ತಪ್ಪುವುದು ಕಡಿಮೆ. ನಮ್ಮ ವಾಕ್ಯದಲ್ಲಿ ತೀರ್ಪು ಕೊನೆಗೆ ಬರುತ್ತದೆ. ‘ಇಂಥದ್ದರಿಂದ ಇಂಥದ್ದಾಯಿತು ಎನ್ನುವುದು ಸರಿ’ ಎಂದು ಮುಗಿಯಬಹುದು, ‘ಸರಿಯಲ್ಲ’ ಎಂದೂ ಮುಗಿಯಬಹುದು. ವಾಕ್ಯ ಮುಗಿಯುವ ಮೊದಲೇ ಬರೆಯತೊಡಗಿದವನು ಹೇಳಿದ್ದಕ್ಕೆ ತದ್ವಿರುದ್ಧವಾದದ್ದನ್ನು ಬರೆದುಕೊಂಡಿರುತ್ತಾನೆ, ಅದೂ ನಿಶ್ಚಿಂತೆಯಿಂದ. ಹಾಗಾಗಿ ಕನ್ನಡದಲ್ಲಿ ಪಾಠ ಕೇಳುವಾಗ ಪೆನ್ನು ಯಾವಾಗಲೂ ಒಂದು ವಾಕ್ಯ ಹಿಂದೆ ಇರಬೇಕು. ಕೇಳಿ, ವಾಕ್ಯ ಮುಗಿಯಿತೆಂದು ಖಾತ್ರಿಯಾದ ಮೇಲೆ, ಮುಂದಿನ ವಾಕ್ಯ ಶುರುವಾಗುವಾಗ ಎರಡು ಮೂರು ಪದ ಗೀಚುವುದು. ಅಭ್ಯಾಸವಿಲ್ಲದೆ ಇದು ಬಾರದು. ಬಹುಪಾಲು ತಪ್ಪು ಟಿಪ್ಪಣಿಗಳ ಮೂಲವೂ ಇಲ್ಲೇ ಇರುತ್ತದೆ ಎಂಬುದು ನನ್ನ ಅನಿಸಿಕೆ.

ಅಭ್ಯಾಸಕ್ಕೆ ಕೇಳಿಸಲು ಒಂದು ಭಾಗ ಬೇಕು. ಪಠ್ಯಪುಸ್ತಕದಿಂದ ಎತ್ತಿದ ಗದ್ಯ ಇದಕ್ಕೆ ಒಗ್ಗುವುದಿಲ್ಲ. ಅದರ ವಾಕ್ಯಗಳು ಓದುವ ಕಣ್ಣಿಗೆ ಬರೆದಂಥವು, ಬಿಗಿಯಾಗಿರುತ್ತವೆ. ಮಾತಿನಲ್ಲಿ ಇರುವ ಪುನರುಕ್ತಿ, ಅಡ್ಡದಾರಿ, ತಾನೇ ಕೇಳಿ ತಾನೇ ಉತ್ತರಿಸುವ ಪ್ರಶ್ನೆ ಅಲ್ಲಿರುವುದಿಲ್ಲ. ಹೀಗಾಗಿ ಮೇಷ್ಟ್ರೇ ಬರೆದುಕೊಳ್ಳಬೇಕು. ಈ ಉದ್ದೇಶಕ್ಕೆಂದೇ ನಾನು ಬರೆದ ಒಂದು ಭಾಗ ಇಲ್ಲಿದೆ. ಎರಡೂವರೆ ನಿಮಿಷದಷ್ಟು, ಅವಸರವಿಲ್ಲದೆ, ಪಾಠ ಹೇಳುವ ದನಿಯಲ್ಲಿ ಓದಬೇಕು.

“ಇವತ್ತು ಕೆರೆಯ ಬಗ್ಗೆ ನೋಡೋಣ. ಕೆರೆ ಎಂದರೆ ನೀರು ನಿಂತ ಒಂದು ಗುಂಡಿ ಎಂದಷ್ಟೇ ಹಲವರು ತಿಳಿದಿದ್ದಾರೆ. ಹಾಗಲ್ಲ. ಕೆರೆಗೆ ಮುಖ್ಯವಾಗಿ ಮೂರು ಅಂಗಗಳು. ಮೊದಲನೆಯದು ಏರಿ. ಹಳ್ಳ ಹರಿಯುವ ತಗ್ಗಿಗೆ ಅಡ್ಡಲಾಗಿ ಹಾಕಿದ ಮಣ್ಣಿನ ದಿಬ್ಬ ಇದು. ನೀರಿನ ಕಡೆಯ ಮುಖಕ್ಕೆ ಕಲ್ಲು ಹೊದಿಸಿರುತ್ತಾರೆ, ಅಲೆ ಬಡಿದು ಮಣ್ಣು ಕೊಚ್ಚಿಹೋಗದಿರಲಿ ಎಂದು. ನಮ್ಮೂರಿನ ಏರಿಯ ಮೇಲೆ ಈಗ ಬಸ್ಸೇ ಓಡಾಡುತ್ತದೆ, ಅದಿರಲಿ. ಎರಡನೆಯದು ತೂಬು. ಏರಿಯ ಬುಡದಲ್ಲಿರುವ ಈ ಕಿಂಡಿಯ ಮೂಲಕ ನೀರು ಕಾಲುವೆಗೆ ಇಳಿಯುತ್ತದೆ. ಆ ಕಾಲುವೆಯ ನೀರು ತಲುಪುವಷ್ಟು ಜಮೀನಿಗೆ ಅಚ್ಚುಕಟ್ಟು ಎನ್ನುತ್ತಾರೆ. ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಮೂರನೆಯದು ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹೋಗುವ ದಾರಿ. ಕೋಡಿಯ ಮಟ್ಟ ಏರಿಯ ನೆತ್ತಿಗಿಂತ ಕೆಳಗಿರಲೇಬೇಕು. ಇಲ್ಲದಿದ್ದರೆ ನೀರು ಏರಿಯ ಮೇಲೆಯೇ ಹರಿದು ಏರಿ ಒಡೆಯುತ್ತದೆ. ಕೋಡಿಯಲ್ಲಿ ಹರಿದ ನೀರು ವ್ಯರ್ಥವೇ? ಇಲ್ಲ. ಹಳ್ಳದಲ್ಲಿ ಹರಿದು ಅದು ಕೆಳಗಿನ ಊರಿನ ಕೆರೆ ಸೇರುತ್ತದೆ. ಹೀಗೆ ಒಂದರ ಕೆಳಗೊಂದು ಕೆರೆಗಳ ಸರಪಳಿಯೇ ಇರುತ್ತದೆ. ಹಾಗಾದರೆ ಕೆರೆಗಳು ಕೆಡುವುದೇಕೆ? ಎರಡು ಕಾರಣ ಹೇಳುತ್ತೇನೆ. ಒಂದು, ಹೂಳು. ಮಳೆನೀರಿನ ಜೊತೆ ಬಂದ ಮಣ್ಣು ತಳದಲ್ಲಿ ಕೂತು ನೀರು ಹಿಡಿಯುವ ಜಾಗ ಕಡಿಮೆಯಾಗುತ್ತದೆ. ಹಿಂದೆ ರೈತರು ಬೇಸಿಗೆಯಲ್ಲಿ ಈ ಗೋಡನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಇನ್ನೊಂದು, ಕೆರೆಗೆ ನೀರು ತರುವ ಕಾಲುವೆ ಮುಚ್ಚಿಹೋಗುವುದು. ಅದರ ಮೇಲೆ ಮನೆಯೋ ರಸ್ತೆಯೋ ಬಂದರೆ ಎಷ್ಟು ಮಳೆ ಬಂದರೂ ಕೆರೆಗೆ ನೀರು ಬಾರದು. ಆದ್ದರಿಂದ ಮಳೆ ಕಡಿಮೆಯಾಗಿದ್ದರಿಂದಲೇ ನಮ್ಮ ಕೆರೆಗಳು ಬತ್ತಿದವು ಎಂದು ಹೇಳುವುದು ಪೂರ್ತಿ ಸರಿಯಲ್ಲ.”

ಇದರಲ್ಲಿ ಬೇಕೆಂದೇ ಇಟ್ಟ ಕೆಲವು ಸಂಗತಿಗಳಿವೆ. ‘ಮೂರು ಅಂಗಗಳು’, ‘ಎರಡು ಕಾರಣ’ ಎಂದಾಗ ಪುಟದಲ್ಲಿ ಎಷ್ಟು ಜಾಗ ಬೇಕೆಂಬುದನ್ನು ಮೇಷ್ಟ್ರು ಮುಂಚಿತವಾಗಿ ಹೇಳಿದಂತಾಯಿತು. ಜಾಣ ವಿದ್ಯಾರ್ಥಿ ಆಗಲೇ 1, 2, 3 ಎಂದು ಹಾಕಿಕೊಂಡು ಕಾಯುತ್ತಾನೆ. ಮೂರನೆಯದು ತಪ್ಪಿಹೋದರೂ ತಪ್ಪಿತೆಂಬುದು ಅವನಿಗೆ ಗೊತ್ತಾಗುತ್ತದೆ. ಬಸ್ಸಿನ ಮಾತು ಅಡ್ಡದಾರಿ, ‘ಅದಿರಲಿ’ ಎಂಬುದು ಅದರ ಗುರುತು. ಕಾಲುವೆ ಎಂಬ ಪದ ಎರಡು ಕಡೆ ಬರುತ್ತದೆ: ಒಂದು ಕೆರೆಯಿಂದ ಹೊರಗೆ ಹೋಗುವುದು, ಇನ್ನೊಂದು ಒಳಗೆ ಬರುವುದು. ಕೊನೆಯ ವಾಕ್ಯದಲ್ಲಿ ಮೇಲೆ ಹೇಳಿದ ‘ಸರಿಯಲ್ಲ’ ಕಾದು ಕೂತಿದೆ.

ಮೊದಲ ಸಲ ಓದುವಾಗ ಪೆನ್ನು ಕೆಳಗಿರಬೇಕು. ಓದಿ ಮುಗಿದ ಮೇಲೆ ಒಂದೇ ಪ್ರಶ್ನೆ: ‘ಇದರಲ್ಲಿ ಎಷ್ಟು ದೊಡ್ಡ ತುಂಡುಗಳಿದ್ದವು?’ ಅಂಗಗಳು, ಕೋಡಿ ನೀರಿನ ಗತಿ, ಕೆಡುವ ಕಾರಣ, ಹೀಗೆ ಮೂರು ಎಂಬ ಉತ್ತರ ಯಾರಿಂದಾದರೂ ಬರುತ್ತದೆ. ಎರಡನೇ ಸಲ ಓದುವಾಗ ಬರೆಯುವುದು. ಈ ಮೊದಲ ಪಾಠಕ್ಕೆ ಖಾಲಿ ಪುಟ ಕೊಡಬಾರದು. ತಲೆಬರಹಗಳನ್ನು ಮೊದಲೇ ಬರೆದು, ‘ಏರಿ: ರಚನೆ ____, ಕಲ್ಲು ಏಕೆ ____’ ಎಂಬಂತೆ ಜಾಗ ಬಿಟ್ಟ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಹಂಚಬೇಕು. ಮುಂದಿನ ಭಾಗಕ್ಕೆ ತಲೆಬರಹ ಮಾತ್ರ. ಅದರ ಮುಂದಿನದಕ್ಕೆ ತುಂಡುಗಳ ಸಂಖ್ಯೆ ಮಾತ್ರ. ಆಮೇಲೆ ಬರೀ ಗೆರೆ ಹಾಕಿದ ಪುಟ, ಒಂದೇ ಓದು. ಆಸರೆಯನ್ನು ಹೀಗೆ ಒಂದೊಂದೇ ಮೆಟ್ಟಿಲು ತೆಗೆಯದಿದ್ದರೆ ಮಕ್ಕಳು ಖಾಲಿ ಜಾಗ ತುಂಬುವುದನ್ನಷ್ಟೇ ಕಲಿಯುತ್ತಾರೆ. ಹಾಳೆ ಹಂಚದ ದಿನ ಮತ್ತೆ ಮೊದಲಿನ ದುಂಡನೆಯ ವಾಕ್ಯಗಳಿಗೇ ಮರಳುತ್ತಾರೆ.

ತರಗತಿಯಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಟಿಪ್ಪಣಿ ಹೀಗಿರುತ್ತದೆ:

ಕೆರೆ ಎಂದರೆ ನೀರು ನಿಂತ ಒಂದು ಗುಂಡಿ. ಮೊದಲನೆಯದು ಏರಿ. ಹಳ್ಳ ಹರಿಯುವ ತಗ್ಗಿಗೆ ಅಡ್ಡಲಾಗಿ
ಏರಿಯ ಮೇಲೆ ಬಸ್ಸು
ತೂಬು – ಕಾಲುವೆ, ನೀರುಗಂಟಿ
ಕೋಡಿ ವ್ಯರ್ಥ
ಹೂಳು, ಕಾಲುವೆ ಮುಚ್ಚಿದೆ
ಮಳೆ ಕಡಿಮೆ → ಕೆರೆ ಬತ್ತಿತು

ಇದರಲ್ಲಿ ಮೂರು ಕಡೆ ತಪ್ಪು ಒಂದೇ ಬಗೆಯದು. ಗುಂಡಿ ಎಂದು ಬರೆದವನು ‘ಹಾಗಲ್ಲ’ ಎಂಬುದಕ್ಕೆ ಕಾಯಲಿಲ್ಲ. ‘ಕೋಡಿ ವ್ಯರ್ಥ’ ಎಂದವನು ಪ್ರಶ್ನೆಯನ್ನೇ ಉತ್ತರವೆಂದು ತಿಳಿದ. ಕೊನೆಯ ಸಾಲು ಪಾಠ ಹೇಳಿದ್ದಕ್ಕೆ ವಿರುದ್ಧ. ‘ಕಾಲುವೆ ಮುಚ್ಚಿದೆ’ ಎಂದಾಗ ಯಾವ ಕಾಲುವೆ ಎಂಬುದು ವಾರದ ನಂತರ ಅವನಿಗೂ ಹೊಳೆಯದು. ಇಂಥ ಟಿಪ್ಪಣಿಯನ್ನು ಹೆಸರು ಹೇಳದೆ ಬೋರ್ಡಿನ ಮೇಲೆ ಬರೆದು, ಮೂರನೇ ಸಲ ಭಾಗವನ್ನು ಓದಿ, ಸಾಲು ಸಾಲಾಗಿ ತಿದ್ದಿಸಬೇಕು. ತಿದ್ದಿದ ಮೇಲೆ ಹೆಚ್ಚುಕಡಿಮೆ ಹೀಗಾಗುತ್ತದೆ:

ಕೆರೆ (× ಗುಂಡಿ)
1. ಅಂಗ – 3
  1.1 ಏರಿ: ಹಳ್ಳಕ್ಕೆ ಅಡ್ಡ, ಮಣ್ಣು
    ನೀರಿನ ಕಡೆ ಕಲ್ಲು, ಕಾ. ಅಲೆ
  1.2 ತೂಬು: ಏರಿ ಬುಡ, ಕಿಂಡಿ → ಕಾಲುವೆ → ಅಚ್ಚುಕಟ್ಟು
    ನೋಡುವವ = ನೀರುಗಂಟಿ
  1.3 ಕೋಡಿ: ಹೆಚ್ಚು ನೀರು → ಹೊರಗೆ
    ಮಟ್ಟ: ಕೋಡಿ < ಏರಿ. ಇಲ್ಲದಿದ್ದರೆ ಏರಿ ಒಡೆಯುತ್ತೆ
2. ಕೋಡಿ ನೀರು × ವ್ಯರ್ಥ → ಹಳ್ಳ → ಕೆಳ ಊರ ಕೆರೆ (ಸರಪಳಿ)
3. ಕೆಡಲು ಕಾ. – 2
  3.1 ಹೂಳು → ಜಾಗ ↓. ಹಿಂದೆ: ಬೇಸಿಗೆ, ಗೋಡು → ಹೊಲ
  3.2 ಒಳಗೆ ಬರುವ ಕಾಲುವೆ ಬಂದ್ (ಮನೆ, ರಸ್ತೆ)
  × ಮಳೆ ↓ ಒಂದೇ ಕಾ.

ಎಲ್ಲರದೂ ಹೀಗೇ ಇರಬೇಕಿಲ್ಲ. ಒಬ್ಬಳು ಏರಿ, ತೂಬು, ಕೋಡಿಯ ಪುಟ್ಟ ಚಿತ್ರ ಬರೆದು ಹೆಸರು ಗುರುತಿಸಿದ್ದರೆ ಅದು ಇದಕ್ಕಿಂತ ಮೇಲು. ಅಳೆಯುವುದಕ್ಕೆ ಮೇಷ್ಟ್ರು ಮೊದಲೇ ಮುಖ್ಯಾಂಶಗಳ ಪಟ್ಟಿ ಮಾಡಿಕೊಂಡಿರಬೇಕು. ಈ ಭಾಗದಲ್ಲಿ ನಾನು 12 ಎಣಿಸಿದ್ದೇನೆ: ಮೂರು ಅಂಗಗಳೆಂಬುದು, ಏರಿ, ಅದರ ಕಲ್ಲು, ತೂಬು, ಅಚ್ಚುಕಟ್ಟು, ನೀರುಗಂಟಿ, ಕೋಡಿ, ಅದರ ಮಟ್ಟ, ಸರಪಳಿ, ಹೂಳು, ಬರುವ ಕಾಲುವೆ, ಮಳೆಯೊಂದೇ ಕಾರಣವಲ್ಲ ಎಂಬುದು. ಪುಸ್ತಕ ನೋಡಿ ಎಷ್ಟು ಬಂದಿವೆ ಎಂದು ಎಣಿಸಿದರೆ ಆಯಿತು. ಕೈಬರಹಕ್ಕೂ ಕಾಗುಣಿತಕ್ಕೂ ಇಲ್ಲಿ ಅಂಕ ಕಡಿಯಬಾರದು. ಕಡಿದರೆ ಮಕ್ಕಳು ಮತ್ತೆ ದುಂಡಗೆ ಬರೆಯಲು ಹೋಗಿ ಕಿವಿ ಮುಚ್ಚಿಕೊಳ್ಳುತ್ತಾರೆ. ಆದರೆ ವಿರುದ್ಧಾರ್ಥದ ತಪ್ಪಿಗೆ ಒಂದು ಅಂಕ ಕಳೆಯಬೇಕು. ಬಿಟ್ಟುಹೋದದ್ದನ್ನು ಗೆಳೆಯರ ಪುಸ್ತಕದಿಂದ ತುಂಬಿಕೊಳ್ಳಬಹುದು, ತಿರುಚಿ ಬರೆದದ್ದನ್ನು ಯಾರೂ ಅನುಮಾನಿಸುವುದಿಲ್ಲ.

ಎಡಗಡೆಯ ಖಾಲಿ ಭಾಗಕ್ಕೆ ಈಗ ಸರದಿ. ಅದೇ ದಿನ ಸಂಜೆ, ಪಾಠ ಇನ್ನೂ ಕಿವಿಯಲ್ಲಿರುವಾಗ, ಬಲಗಡೆಯ ಪ್ರತಿ ಅಂಶದ ಎದುರಿಗೆ ಒಂದು ಪ್ರಶ್ನೆ ಬರೆಯಬೇಕು. ‘ಕೋಡಿ ಏರಿಗಿಂತ ಎತ್ತರವಿದ್ದರೆ ಏನಾಗುತ್ತದೆ?’ ಎಂಬಂಥದ್ದು. ‘ಕೋಡಿ ಎಂದರೇನು?’ ಎಂಬುದೂ ಆದೀತು, ಆದರೆ ಏಕೆ, ಹೇಗೆ ಎಂದು ಕೇಳುವ ಪ್ರಶ್ನೆ ಹೆಚ್ಚು ದುಡಿಯುತ್ತದೆ. ಅಡಿಯ 5 ಸೆಂ.ಮೀ.ನಲ್ಲಿ ಪೂರ್ತಿ ಪಾಠವನ್ನು ತನ್ನ ಮಾತಿನಲ್ಲಿ ಎರಡು ಮೂರು ವಾಕ್ಯ. ಇಲ್ಲಿ ಮಾತ್ರ ಪೂರ್ಣ ವಾಕ್ಯಗಳೇ ಬೇಕು. ‘ಏರಿ ನೀರನ್ನು ತಡೆಯುತ್ತದೆ, ತೂಬು ಗದ್ದೆಗೆ ಬಿಡುತ್ತದೆ, ಕೋಡಿ ಹೆಚ್ಚಾದದ್ದನ್ನು ಕೆಳಗಿನ ಕೆರೆಗೆ ಕಳಿಸುತ್ತದೆ. ಹೂಳು ತುಂಬಿದರೂ ನೀರು ಬರುವ ಕಾಲುವೆ ಮುಚ್ಚಿದರೂ ಕೆರೆ ಕೆಡುತ್ತದೆ. ಮಳೆಯ ಕೊರತೆಯೊಂದನ್ನೇ ದೂರಬೇಕಿಲ್ಲ.’ ಇಷ್ಟು ಬರೆಯಲಾಗದಿದ್ದರೆ ಪಾಠ ಅರ್ಥವಾಗಿಲ್ಲವೆಂದು ವಿದ್ಯಾರ್ಥಿಗೆ ಆ ಸಂಜೆಯೇ ತಿಳಿಯುತ್ತದೆ, ಮಾರ್ಚಿಯಲ್ಲಿ ಅಲ್ಲ. ಪರೀಕ್ಷೆಗೆ ಓದುವಾಗ ಬಲಭಾಗವನ್ನು ಹಾಳೆಯಿಂದ ಮುಚ್ಚಿ ಎಡಗಡೆಯ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ, ಆಮೇಲೆ ಹಾಳೆ ಸರಿಸಿ ನೋಡುವುದು. ನೋಟ್ಸನ್ನು ಹತ್ತು ಸಲ ಓದುವುದಕ್ಕಿಂತ ಹೀಗೆ ನೆನಪನ್ನು ಕೆದಕುವುದರಿಂದ ಕಲಿತದ್ದು ಗಟ್ಟಿಯಾಗುತ್ತದೆ ಎಂಬುದು ನೆನಪಿನ ಮೇಲಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ವಿಜ್ಞಾನಕ್ಕೆ ಸೇರಿದವರ ಪಾಡು ಬೇರೆ. ಅವರು ಕೇಳಬೇಕು, ಅರ್ಥ ಮಾಡಿಕೊಳ್ಳಬೇಕು, ಇಂಗ್ಲಿಷ್‌ನಲ್ಲಿ ಬರೆಯಲೂಬೇಕು. ಮೂರೂ ಒಟ್ಟಿಗೆ ಆಗುವುದಿಲ್ಲ. ಅಂಥವರಿಗೆ ಮೊದಲ ಕೆಲವು ತಿಂಗಳು ಬೆರಕೆ ಟಿಪ್ಪಣಿಯೇ ಸರಿ. ಪಾರಿಭಾಷಿಕ ಪದ ಇಂಗ್ಲಿಷ್‌ನದು, ಸಂಬಂಧ ಹೇಳುವ ಮಾತು ಕನ್ನಡದ್ದು: ‘ಆಸ್ಮಾಸಿಸ್ – ನೀರು ಕಡಿಮೆ ಉಪ್ಪಿನ ಕಡೆಯಿಂದ ಹೆಚ್ಚು ಉಪ್ಪಿನ ಕಡೆಗೆ, ನಡುವೆ ಪೊರೆ ಇದ್ದಾಗ’. ಅಡಿಯ ಸಾರಾಂಶವನ್ನು ಮಾತ್ರ ಮನೆಯಲ್ಲಿ ಪುಸ್ತಕ ನೋಡಿಕೊಂಡು ಇಂಗ್ಲಿಷ್‌ನಲ್ಲಿ ಬರೆಯಲಿ, ಪರೀಕ್ಷೆಯ ಭಾಷೆಗೆ ಅಲ್ಲಿ ಅಭ್ಯಾಸವಾಗುತ್ತದೆ. ಬೆರಕೆ ಟಿಪ್ಪಣಿ ಕಂಡು ಗದರುವ ಲೆಕ್ಚರರುಗಳಿದ್ದಾರೆ. ವಿದ್ಯಾರ್ಥಿಯ ನೋಟ್ಸ್ ಅವನಿಗಾಗಿ ಇರುವುದು, ತೋರಿಸಿ ಸಹಿ ಹಾಕಿಸಿಕೊಳ್ಳಲು ಅಲ್ಲ.

ಈ ಪುಟವಿನ್ಯಾಸ ಎಲ್ಲ ಪಾಠಕ್ಕೂ ಹೊಂದುವುದಿಲ್ಲ. ಇತಿಹಾಸ, ಜೀವಶಾಸ್ತ್ರ, ಅರ್ಥಶಾಸ್ತ್ರದಂಥ, ಮಾತಿನಲ್ಲೇ ಬೆಳೆಯುವ ಪಾಠಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಗಣಿತದಲ್ಲಿ, ಭೌತಶಾಸ್ತ್ರದ ಡೆರಿವೇಷನ್‌ನಲ್ಲಿ ಒಂದು ಹೆಜ್ಜೆ ಬಿಟ್ಟರೂ ಮುಂದಿನದು ನಿಲ್ಲುವುದಿಲ್ಲ. ಅಲ್ಲಿ ಬೋರ್ಡಿನ ಮೇಲಿನದನ್ನು ಪೂರ್ತಿಯಾಗಿಯೇ ಇಳಿಸಿಕೊಳ್ಳಬೇಕು. ಎಡಗಡೆಯಲ್ಲಿ ಪ್ರಶ್ನೆಗೆ ಬದಲು, ಈ ಸಾಲಿನಿಂದ ಆ ಸಾಲಿಗೆ ಹೇಗೆ ಬಂದೆವು ಎಂದು ಮೇಷ್ಟ್ರು ಬಾಯಲ್ಲಿ ಹೇಳಿ ಬೋರ್ಡಿನ ಮೇಲೆ ಬರೆಯದೆ ಬಿಟ್ಟ ಕಾರಣವನ್ನು ಆಗಿಂದಾಗಲೇ ಬರೆಯುವುದು ಉಪಯುಕ್ತ. ಸಾಹಿತ್ಯದ ತರಗತಿಯಲ್ಲಿ ಪದ್ಯವನ್ನು ಮೇಷ್ಟ್ರು ರಾಗವಾಗಿ ಓದುತ್ತಿರುವಾಗ ಪೆನ್ನನ್ನು ಜೇಬಿನಲ್ಲಿ ಇಟ್ಟುಕೊಂಡಿರುವುದೇ ಒಳ್ಳೆಯದು.